ಬೆಕ್ಕಿನ ಬಲಮಗ್ಗಲು

ಮನುಷ್ಯರ ಫೋಟೋವನ್ನು ಎಡಬಲ ತಿರುವಿ ಹಾಕಿದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಬೈತಲೆ ಆಚೆಯಿಂದ ಈಚೆಗೆ ಬಂದಿರುತ್ತದೆ, ಅಂಗಿಯ ಕಿಸೆ ಬಲಕ್ಕೆ ಹೋಗಿರುತ್ತದೆ, ಅಷ್ಟೇ. ನಮ್ಮ ಬಾಗಲಕೋಟೆ ಜಿಲ್ಲೆಯ ಹೆಮ್ಮೆ ಮುಧೋಳ ನಾಯಿಯದ್ದೂ ಸುಮಾರಾಗಿ ಇದೇ ಕತೆ. ಮೈತುಂಬ ಒಂದೇ ಬಣ್ಣದ್ದಾದರೆ ಉದ್ದ ಮೂತಿ, ಆಳವಾದ ಎದೆ, ಒಳಗೆ ಸೇದಿಕೊಂಡ ಹೊಟ್ಟೆ ಸರಿಯಾಗಿ ಬಂದರೆ ಸಾಕು, ಚಿತ್ರ ಮುಗಿದ ಹಾಗೆಯೇ. ಆದರೆ ಮೂರು ಬಣ್ಣದ ಬೆಕ್ಕು ಇದೆಯಲ್ಲ, ಅದು ಚಿತ್ರಕಾರನ ಜೀವ ತಿನ್ನಲೆಂದೇ ಹುಟ್ಟಿದ ಪ್ರಾಣಿ.

ನವನಗರದಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಅಂಥದ್ದೊಂದಿದೆ. ಹೆಸರು ರಂಗಿ. ಮುಖದಲ್ಲಿ ಬಲಗಡೆ ಕೇಸರಿ, ಎಡಗಡೆ ಕಪ್ಪು. ಮೈಯಲ್ಲಿ ಇದು ತಿರುವುಮುರುವು: ಬಲಮಗ್ಗಲಿಗೆ ಹೆಗಲಿನಿಂದ ಪಕ್ಕೆಯವರೆಗೆ ದೊಡ್ಡ ಕರಿ ಮಚ್ಚೆ, ಎಡಮಗ್ಗಲಿಗೆ ಕೇಸರಿ. ಗದ್ದ, ಹೊಟ್ಟೆ, ನಾಲ್ಕೂ ಪಾದ ಬಿಳಿ. ಮೂಗಿನ ತುದಿ ಕೂಡ ಪಾಲಾಗಿದೆ, ಅರ್ಧ ಗುಲಾಬಿ, ಅರ್ಧ ಕಪ್ಪು. ಅಕ್ಕನ ಮಗಳಿಗೆ ಹುಟ್ಟುಹಬ್ಬಕ್ಕೆ ಯಾರೋ ರಂಗಿಯ ಫೋಟೋದಿಂದ ಕತೆಪುಸ್ತಕದ ಧಾಟಿಯ ಚಿತ್ರ ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟಿದ್ದರು. ಹುಡುಗಿ ಅದನ್ನು ಒಂದು ನಿಮಿಷ ನೋಡಿ, “ಇದು ಯಾರ ಮನೀ ಬೆಕ್ಕು?” ಎಂದು ಗೋಡೆಯ ಕಡೆ ಮುಖ ಮಾಡಿಸಿ ಇಟ್ಟಳು. ಚಿತ್ರವೇನೋ ಮುದ್ದಾಗಿತ್ತು. ಮೂರೂ ಬಣ್ಣ ಇದ್ದವು. ಯಾವುದೂ ಅದರದರ ಜಾಗದಲ್ಲಿ ಇರಲಿಲ್ಲ. ಕೊನೆಗೆ, “ಮಾಮಾ, ನೀನ ಬರಕೊಡು, ಪೂರಾ ಕತೀನ ಬರಕೊಡು” ಎಂದು ಕೆಲಸ ನನ್ನ ಕೊರಳಿಗೆ ಬಿತ್ತು.

ಇಲ್ಲಿ ಬೆಕ್ಕಿನ ಪರವಾಗಿ ಒಂದು ಮಾತು ಹೇಳಬೇಕು. ಆ ಮಚ್ಚೆಗಳು ಅದೊಂದಕ್ಕೇ ಸೇರಿದ ಸೊತ್ತು. ಕೇಸರಿ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣು ಬೆಕ್ಕಿಗೆ ಎರಡು ಎಕ್ಸ್. ತಾಯಿಯ ಹೊಟ್ಟೆಯಲ್ಲಿ ಬಹಳ ಎಳೆಯ ಹಂತದಲ್ಲೇ ಒಂದೊಂದು ಜೀವಕೋಶವೂ ಎರಡರಲ್ಲಿ ಒಂದನ್ನು ಸುಮ್ಮನಾಗಿಸುತ್ತದೆ. ಯಾವುದನ್ನು ಎಂಬುದಕ್ಕೆ ಲೆಕ್ಕವಿಲ್ಲ, ಬಂದಂತೆ ಬಂತು. ಒಂದು ಕಡೆ ಕೇಸರಿಯ ಎಕ್ಸ್ ಉಳಿಯುತ್ತದೆ, ಇನ್ನೊಂದು ಕಡೆ ಕಪ್ಪಿನದ್ದು. 2001ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ಮೂರು ಬಣ್ಣದ ಒಂದು ಬೆಕ್ಕಿನ ಕೋಶದಿಂದ ತದ್ರೂಪಿ ಮರಿ ಹುಟ್ಟಿಸಿದರು. ಸಿಸಿ ಎಂದು ಹೆಸರಿಟ್ಟರು. ಆ ತದ್ರೂಪಿಯ ಮೈಮೇಲೆ ಕೇಸರಿ ಬಣ್ಣವೇ ಇರಲಿಲ್ಲ! ಜೀವಕೋಶ ತೆಗೆದು ನಕಲು ಮಾಡಿದವರಿಗೇ ಮಚ್ಚೆ ಸಿಗಲಿಲ್ಲವೆಂದ ಮೇಲೆ ಬಣ್ಣದ ಡಬ್ಬಿಯವನು ಹುಷಾರಾಗಿರಲೇಬೇಕು.

ಫೋಟೋದಿಂದಲೇ ಶುರು ಮಾಡೋಣ. ಅಕ್ಕನ ಮಗಳ ಮೊಬೈಲಿನಲ್ಲಿ ರಂಗಿಯ ಫೋಟೋಗಳಿಗೆ ಬರವಿಲ್ಲ, ಆದರೆ ಅರ್ಧಕ್ಕರ್ಧ ಸೆಲ್ಫಿ. ಮುಂದಿನ ಕ್ಯಾಮೆರಾ ಕನ್ನಡಿಯ ಹಾಗೆ ತೋರಿಸುತ್ತದೆ, ಕೆಲವು ಮೊಬೈಲುಗಳು ಹಾಗೆಯೇ ತಿರುವಿ ಉಳಿಸಿಕೊಳ್ಳುತ್ತವೆ. ಅಂಥ ಫೋಟೋ ನೋಡಿ ಬರೆದರೆ ಕೇಸರಿ ಕೆನ್ನೆ ಎಡಕ್ಕೆ ಹೋಯಿತು. ಪತ್ತೆ ಹಚ್ಚುವುದು ಸುಲಭ: ಹಿಂದೆ ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದರೆ ಅದರ ಅಂಕಿಗಳನ್ನು ಓದಿ ನೋಡಬೇಕು. ಅಂಕಿ ಉಲ್ಟಾ ಇದ್ದರೆ ಬೆಕ್ಕೂ ಉಲ್ಟಾ.

ಹೊಸದಾಗಿ ತೆಗೆಯುವುದಾದರೆ ಬಾಗಲಕೋಟೆಯ ಬಿಸಿಲನ್ನು ನಂಬಬಾರದು. ಮಧ್ಯಾಹ್ನದ ಬಿಸಿಲಿಗೆ ಬಿಳಿ ಕೂದಲು ಸುಣ್ಣದ ಗೋಡೆಯಾಗಿ, ಕರಿ ಕೂದಲು ಕಂದು ಹೊಡೆಯುತ್ತದೆ. ರಾತ್ರಿ ಹಳದಿ ಬಲ್ಬಿನ ಕೆಳಗೆ ಬಿಳಿಗೂ ಕೇಸರಿಗೂ ನಡುವಿನ ಗಡಿಯೇ ಅಳಿಸಿಹೋಗುತ್ತದೆ. ಪಡಸಾಲೆಯ ನೆರಳು ಒಳ್ಳೆಯದು. ಪಕ್ಕದಲ್ಲೊಂದು ಬಿಳಿ ಹಾಳೆ ಇಟ್ಟುಕೊಂಡರೆ, ಬೆಳಕು ಎಷ್ಟು ಹಳದಿ ತಿರುಗಿಸಿದೆ ಎಂಬುದು ಆಮೇಲೆ ಫೋಟೋದಲ್ಲಿ ತಿಳಿಯುತ್ತದೆ. ಮೂತಿಯ ಹತ್ತಿರ ಮೊಬೈಲ್ ಹಿಡಿದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತವೆ, ಮಚ್ಚೆಯ ಅಳತೆಯೂ ಅದರೊಂದಿಗೆ ಕೆಡುತ್ತದೆ. ಎರಡು ಮೀಟರ್ ಹಿಂದೆ ಕೂತು, ಬೆಕ್ಕಿನ ಕಣ್ಣಿನ ಎತ್ತರಕ್ಕೆ ಇಳಿದು, ಜೂಮ್ ಮಾಡಿ ತೆಗೆಯಬೇಕು. ನಿಂತ ಬೆಕ್ಕು ಬೇಕು. ಸುರುಳಿ ಸುತ್ತಿ ಮಲಗಿದ ಬೆಕ್ಕಿನ ಚರ್ಮ ಮಡಿಚಿಕೊಂಡು ಎರಡು ಮಚ್ಚೆ ಒಂದಾಗಿ ಕಾಣುತ್ತವೆ. ರಂಗಿಗೆ ನಿಲ್ಲು ಎಂದರೆ ನಿಲ್ಲುತ್ತದೆಯೇ? ಹಾಲಿನ ಬಟ್ಟಲು ಹಿಡಿದು ನಮ್ಮವ್ವ ಅತ್ತಿತ್ತ ಓಡಾಡಬೇಕಾಯಿತು. “ನಿನ್ನ ಲಗ್ನದ ಫೋಟೋಕ್ಕೂ ಇಷ್ಟು ಕುಣಿದಿಲ್ಲ ನಾನು” ಎಂದಳು.

ಎದುರು, ಎಡ, ಬಲ, ಮೇಲಿನಿಂದ ಬೆನ್ನು. ಈ ನಾಲ್ಕು ನೋಟ ಕೈಗೆ ಬಂದ ಮೇಲೆ ಕತೆಯ ಚಿತ್ರಕ್ಕೆ ಕೈ ಹಾಕದೆ ಮೊದಲು ಒಂದು ನಕಾಶೆ ಬರೆದುಕೊಳ್ಳುವುದು ಒಳ್ಳೆಯದು. ಬರೀ ಗೆರೆ, ಬರೀ ಮಚ್ಚೆಯ ಗಡಿ. ಎಡ ಬಲ ಎಂದು ಗುರುತು ಹಾಕುವಾಗ ಬೆಕ್ಕಿನ ಎಡ, ಬೆಕ್ಕಿನ ಬಲ. ಎದುರಿನ ಚಿತ್ರದಲ್ಲಿ ಅದರ ಬಲಗಣ್ಣು ನಮ್ಮ ಎಡಕ್ಕೆ ಬರುತ್ತದೆ, ಗಲಿಬಿಲಿ ಹುಟ್ಟುವುದೇ ಅಲ್ಲಿ.

ಕತೆಪುಸ್ತಕದ ಬೆಕ್ಕಿಗೆ ತಲೆ ದೊಡ್ಡದಿರಬೇಕು, ಕಣ್ಣು ಇನ್ನೂ ದೊಡ್ಡವಿರಬೇಕು. ಆಗ ಸೆಂಟಿಮೀಟರ್ ಲೆಕ್ಕ ಕೈಕೊಡುತ್ತದೆ. ಮಚ್ಚೆಯನ್ನು ಮೈಯ ಗುರುತಿಗೆ ಕಟ್ಟಿಹಾಕುವುದೊಂದೇ ದಾರಿ. ರಂಗಿಯ ಮುಖದ ಕರಿ ಗಡಿ ಎರಡು ಕಿವಿಗಳ ನಡುವೆ ಹುಟ್ಟಿ, ಎಡಗಣ್ಣಿನ ಒಳಮೂಲೆಯನ್ನು ಮುಟ್ಟಿ, ಮೂಗಿನ ದಂಡೆಯ ಮೇಲೆ ಇಳಿದು, ಮೂಗಿನ ತುದಿಯನ್ನು ಸೀಳಿ ನಿಲ್ಲುತ್ತದೆ. ಕಣ್ಣನ್ನು ಎಷ್ಟು ದೊಡ್ಡದು ಮಾಡಿದರೂ ಗಡಿ ಅದೇ ಒಳಮೂಲೆಯನ್ನು ಮುಟ್ಟಿ ಇಳಿದರೆ ರಂಗಿ ರಂಗಿಯಾಗಿಯೇ ಉಳಿಯುತ್ತದೆ. ಬಲಗಣ್ಣಿನ ಮೇಲೊಂದು ಚಿಕ್ಕ ಬಿಳಿ ಚುಕ್ಕೆಯಿದೆ. ದೊಡ್ಡ ಕಣ್ಣು ಬಿಡಿಸುವಾಗ ಅದು ರೆಪ್ಪೆಯೊಳಗೆ ಮುಳುಗಿಹೋಗುವ ಅಪಾಯ. ಅದನ್ನು ಬಿಡುವ ಹಾಗಿಲ್ಲ, ಸ್ವಲ್ಪ ಮೇಲೆ ಸರಿಸಬೇಕು. ಮೈಯಲ್ಲೂ ಹಾಗೇ: ಕರಿ ಮಚ್ಚೆ ಹೆಗಲ ಮೂಳೆಗೆ ಅಂಟಿಕೊಂಡಿದೆ ಎಂದು ನಕಾಶೆಯಲ್ಲಿ ಬರೆದುಕೊಂಡರೆ, ಬೆಕ್ಕು ಜಿಗಿಯುವ ಪುಟದಲ್ಲಿ ಮುಂಗಾಲು ಚಾಚಿದಾಗ ಮಚ್ಚೆಯೂ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಹೋಗಬೇಕು ಕೂಡ. ಇಲ್ಲದಿದ್ದರೆ ಅದು ಮೈಯ ಬಣ್ಣವಾಗದೆ ಮೇಲೆ ಅಂಟಿಸಿದ ಕಾಗದವಾಗುತ್ತದೆ. ಇನ್ನು ದೂರದ ದೃಶ್ಯದಲ್ಲಿ ಬೆಕ್ಕು ಹೆಬ್ಬೆರಳಿನಷ್ಟಿದ್ದರೆ ಚುಕ್ಕೆಗಿಕ್ಕೆ ಬಿಟ್ಟು ದೊಡ್ಡ ಮಚ್ಚೆಗಳನ್ನಷ್ಟೇ ಇಟ್ಟುಕೊಳ್ಳುವುದು ಮೋಸವೇನಲ್ಲ.

ಬಣ್ಣ ಹಾಕುವಾಗ ತಿಳಿದಿರಬೇಕಾದ ಒಂದು ಸಂಗತಿ ನನಗೆ ಬಹಳ ಇಷ್ಟ. ಕಪ್ಪು ಮಚ್ಚೆ ಗಟ್ಟಿ ಕಪ್ಪಾಗಿರಬಹುದು, ಆದರೆ ಬೆಕ್ಕಿನ ಕೇಸರಿ ಎಂದೂ ಸಪಾಟು ಕೇಸರಿಯಲ್ಲ. ಹತ್ತಿರದಿಂದ ನೋಡಿದರೆ ಒಳಗೆ ಹುಲಿಪಟ್ಟೆ ಇದ್ದೇ ಇರುತ್ತದೆ, ಮಸುಕಾಗಿಯಾದರೂ. ರಂಗಿಯ ಎಡ ಪಕ್ಕೆಯಲ್ಲಿ ಬೆನ್ನಿನಿಂದ ಹೊಟ್ಟೆಯ ಕಡೆಗೆ ಇಳಿಯುವ ತೆಳು ಪಟ್ಟೆಗಳಿವೆ. ಆದ್ದರಿಂದ ಮೊದಲು ಹಳದಿ ಮಣ್ಣಿನ ಬಣ್ಣವನ್ನು ತೆಳುವಾಗಿ ಬಳಿದು, ಪೂರ್ತಿ ಒಣಗಿದ ಮೇಲೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣದಲ್ಲಿ ಪಟ್ಟೆ. ಬಿಳಿಗೆ ಬಣ್ಣವಿಲ್ಲ, ಹಾಳೆಯನ್ನೇ ಬಿಡುವುದು. ಬಿಳಿ ಹೊಟ್ಟೆಯ ನೆರಳನ್ನು ಕರಿ ಬೆರೆಸಿದ ಬೂದು ಬಣ್ಣದಲ್ಲಿ ತೋರಿಸಿದರೆ ಬೆಕ್ಕಿಗೆ ನಾಲ್ಕನೆಯ ಬಣ್ಣ ಹುಟ್ಟಿಕೊಳ್ಳುತ್ತದೆ, ಅದಕ್ಕೇ ನೀರು ನೀರಾದ ನೀಲಿ. ಮಚ್ಚೆಯ ಅಂಚನ್ನು ಕತ್ತರಿಸಿದ ಹಾಗೆ ಬಿಡದೆ, ಕೂದಲು ಯಾವ ಕಡೆ ಮಲಗಿದೆಯೋ ಆ ಕಡೆಗೆ ಸಣ್ಣ ಕುಂಚದಿಂದ ಎಳೆ ಎಳೆಯಾಗಿ ಬಿಡಿಸಬೇಕು. ಮೊದಲ ಬಣ್ಣ ಹಸಿ ಇರುವಾಗ ಪಕ್ಕದಲ್ಲಿ ಕಪ್ಪು ಇಟ್ಟರೆ ಎರಡೂ ಕೂಡಿ ಹರಿದು ಅಲ್ಲಿಗೆ ಗಡಿಯ ಕತೆ ಮುಗಿಯಿತು. ನಮ್ಮ ಸೆಕೆಯಲ್ಲಿ ಬೇಗ ಒಣಗುತ್ತದೆ ಎಂಬುದೊಂದು ಸಮಾಧಾನ.

ಗೆರೆಯನ್ನು ದಪ್ಪ ಹಾಳೆಗೆ ದಾಟಿಸುವಾಗ ಇನ್ನೊಂದು ಕನ್ನಡಿ ಕಾದು ಕೂತಿರುತ್ತದೆ. ಟ್ರೇಸಿಂಗ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಅದನ್ನು ಮಗುಚಿ ಉಜ್ಜಿದರೆ ಚಿತ್ರ ಎಡಬಲವಾಗಿ ಬೀಳುತ್ತದೆ. ಹಿಂಬದಿಗೂ ಪೆನ್ಸಿಲ್ ಸೀಸ ಸವರಿ, ಬರೆದ ಮುಖ ಮೇಲೆ ಇರುವಂತೆಯೇ ಇಟ್ಟು ಗೆರೆ ತೀಡಿದರೆ ಈ ಕಾಟವಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕನ್ನಡಿ ಎಂದರೆ ಪುಸ್ತಕ. ಕನ್ನಡ ಎಡದಿಂದ ಬಲಕ್ಕೆ ಓದುವ ಭಾಷೆ, ಪುಟದಿಂದ ಪುಟಕ್ಕೆ ಕತೆ ಸಾಗುವುದೂ ಬಲಕ್ಕೆ. ಹಾಗಾಗಿ ಕತೆಯೊಳಗಿನ ಬೆಕ್ಕು ಹೊರಟಿತು ಎಂದರೆ ಬಲಕ್ಕೆ ಮುಖ ಮಾಡಿ ಹೊರಡುವುದು ರೂಢಿ. ಬಲಕ್ಕೆ ಮುಖ ಮಾಡಿದ ಬೆಕ್ಕಿನಲ್ಲಿ ನಮಗೆ ಕಾಣುವುದು ಅದರ ಬಲಮಗ್ಗಲು. ಕೈಯಲ್ಲಿರುವ ಚೆಂದದ ಫೋಟೋ ಎಡಮಗ್ಗಲಿನದ್ದಾದರೆ, ಬರೆಯುವವರು ಹಿಂದುಮುಂದು ನೋಡದೆ ಅದನ್ನೇ ತಿರುವಿಬಿಡುತ್ತಾರೆ. ಉಡುಗೊರೆಯ ಚಿತ್ರದಲ್ಲಿ ಆಗಿದ್ದು ಅದೇ ಎಂದು ನನ್ನ ಅನುಮಾನ. ಬಲ ಪಕ್ಕೆಗೆ ಕೇಸರಿ ಬಂದಿತ್ತು. ಭಂಗಿಯನ್ನು ಬೇಕಾದರೆ ತಿರುವಬಹುದು, ಕಾಲು ಬಾಲಗಳ ಗೆರೆ ಮಾತ್ರ. ಮಚ್ಚೆಗಳನ್ನು ಬಲಮಗ್ಗಲಿನ ನಕಾಶೆಯಿಂದಲೇ ಹೊಸದಾಗಿ ತುಂಬಬೇಕು. ಎರಡು ಪಟ್ಟು ಕೆಲಸ, ನಿಜ.

ಆ ಕೆಲಸಕ್ಕೆ ಕೂಲಿಯೂ ಸಿಕ್ಕಿತೆನ್ನಿ. ಕತೆಯಲ್ಲಿ ರಂಗಿ ಓಣಿ ದಾಟಿ ಸಂತೆಗೆ ಹೋಗುತ್ತದೆ, ಮೀನಿನ ಬುಟ್ಟಿಯ ಹತ್ತಿರ ಬೈಸಿಕೊಂಡು ವಾಪಸ್ ಬರುತ್ತದೆ. ಹೋಗುವ ಪುಟಗಳಲ್ಲೆಲ್ಲ ಕೇಸರಿ ಮುಖ, ಕರಿ ಮೈ. ಬರುವ ಪುಟಗಳಲ್ಲಿ ಎಡಕ್ಕೆ ಮುಖ, ಹಾಗಾಗಿ ಕರಿ ಮುಖ, ಕೇಸರಿ ಮೈ. ಅಕ್ಕನ ಮಗಳು ಪಕ್ಕದ ಮನೆಯ ಇನ್ನೂ ಓದಲು ಬಾರದ ಹುಡುಗನನ್ನು ಕೂರಿಸಿಕೊಂಡು ಹಾಳೆಗಳನ್ನು ಹರಡಿದಳು. “ಕರಿ ಮಗ್ಗಲಾ ಕಂಡ್ರ ಹೊಂಟೈತಿ, ಕೇಸರಿ ಮಗ್ಗಲಾ ಕಂಡ್ರ ಮನೀಗೆ ಬರಾಕತ್ತೈತಿ, ತಿಳೀತಾ?” ಎಂದು ಪಾಠ ಶುರುವಾಯಿತು. ಹುಡುಗ ತಲೆಯಾಡಿಸಿದ. ಎಲ್ಲ ಪುಟ ತಪಾಸಣೆ ಮಾಡಿದ ಮೇಲೆ ಬೆಕ್ಕು ಪಾಸಾಯಿತು.

ನಮ್ಮವ್ವ ಮಾತ್ರ ಕನ್ನಡಕ ಏರಿಸಿ ಸಂತೆಯ ಪುಟವನ್ನೇ ಹಿಡಿದುಕೊಂಡು ಕೂತಿದ್ದಳು. ಅಲ್ಲಿ ಬುಟ್ಟಿ ಹಿಡಿದ ಮುದುಕಿಗೆ ಇಳಕಲ್ ಸೀರೆ ಉಡಿಸಿದ್ದೆ. “ಬೆಕ್ಕಿನ ಒಂದೊಂದ ಕೂದಲಾ ಎಣಿಸಿ ಬರದಿ,” ಎಂದಳು, “ಸೀರಿ ಸೆರಗ ನೋಡಿದಿಲ್ಲ? ಕೆಂಪ ಇರಬೇಕಿತ್ತು, ಹಸರ ಮಾಡಿ ಕುಂತಿ.”