ಎಸ್ಟಿಮೇಟ್ ಅಂದ್ರೆ ರೇಟಲ್ಲ ಮಾರಾಯ್ರೆ

2025ರ ಮಾರ್ಚಲ್ಲಿ ಎಂ.ಎಫ್. ಹುಸೇನರ ‘ಗ್ರಾಮ ಯಾತ್ರಾ’ ಚಿತ್ರ ಹರಾಜಲ್ಲಿ 118 ಕೋಟಿ ಚಿಲ್ಲರೆಗೆ ಹೋಯ್ತು ಅಂತ ಸುದ್ದಿ ಬಂತಲ್ಲ, ಆವತ್ತು ರಾತ್ರಿ ನಮ್ ಭಾವ ಫೋನ್ ಮಾಡಿದ್ದ. ಅವನೂ ಚಿತ್ರ ಬರೀತಾನೆ, ಶಿರಸಿ ಹತ್ರ ತೋಟ, ಮಳೆಗಾಲದಲ್ಲಿ ಚಿತ್ರ, ಕೊಯ್ಲಲ್ಲಿ ಅಡಿಕೆ. “ಹದ್ನೈದು ಸಾವ್ರಕ್ಕೂ ಯಾರೂ ಕೈ ಎತ್ತಿದ್ವಿಲ್ಲೆ ನನ್ನದ್ಕೆ, ಇದ್ಕೆಂತ ಭಾವ ಹಿಂಗೆ” ಅಂದ. ನಕ್ಕೊಂಡೇ ಅಂದಿದ್ದು, ಆದ್ರೂ ನಂಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಮೊದ್ಲು ಆ ದೊಡ್ಡ ಚಿತ್ರದ ಕತೆ. ಹುಸೇನ್ ಅದನ್ನ ಬರೆದಿದ್ದು 1954ರಲ್ಲಿ, ಸುಮಾರು 14 ಅಡಿ ಉದ್ದ, ಹಳ್ಳಿಯ 13 ಸಣ್ಣ ಸಣ್ಣ ದೃಶ್ಯ ಸಾಲಾಗಿ. ಡಬ್ಲ್ಯುಎಚ್ಒ ಕೆಲ್ಸಕ್ಕೆ ದಿಲ್ಲಿಗೆ ಬಂದಿದ್ದ ವೊಲೊಡಾರ್ಸ್ಕಿ ಅಂತ ಒಬ್ರು ಡಾಕ್ಟರು ಆಗ್ಲೇ ಕೊಂಡು ನಾರ್ವೆಗೆ ಒಯ್ದ್ರು, 1964ರಲ್ಲಿ ಓಸ್ಲೋದ ಆಸ್ಪತ್ರೆಗೆ ಕೊಟ್ಟುಬಿಟ್ರು. ಆಮೇಲೆ ದಶಕಗಟ್ಟಲೆ ಅದು ಆಸ್ಪತ್ರೆಯ ಕಾರಿಡಾರಲ್ಲಿ ನೇತಾಡ್ಕೊಂಡಿತ್ತು, ಹೊರಗಿನವ್ರು ಓಡಾಡೋ ಜಾಗವೂ ಅಲ್ಲ. ಬಣ್ಣ ಅದೇ, ಗೆರೆ ಅದೇ. ಕ್ರಿಸ್ಟೀಸ್ ಅನ್ನೋ ಹರಾಜು ಕಂಪನಿಯವ್ರು ನ್ಯೂಯಾರ್ಕಲ್ಲಿ ಹರಾಜಿಗಿಟ್ಟಾಗ ಮೊದ್ಲೇ ಹೇಳಿದ್ದ ಅಂದಾಜು, ಅಂದ್ರೆ ಎಸ್ಟಿಮೇಟ್, 25ರಿಂದ 35 ಲಕ್ಷ ಡಾಲರ್, ಕೊನೆಗೆ ಬಂದಿದ್ದು 1 ಕೋಟಿ 37 ಲಕ್ಷ ಡಾಲರಿಗಿಂತ ಜಾಸ್ತಿ.

ಎಲ್ಲಾ ಪೇಪರಲ್ಲೂ ‘ಅಂದಾಜಿಗಿಂತ ನಾಕು ಪಟ್ಟು’ ಅಂತ ಬಂತು. ಇಲ್ಲೇ ನನ್ ತಕರಾರು. ಒಂದು, ಎಸ್ಟಿಮೇಟಲ್ಲಿ ಕೊಳ್ಳೋರು ಹರಾಜು ಕಂಪನಿಗೆ ಕೊಡೋ ಕಮಿಷನ್ ಸೇರಿರೋದಿಲ್ಲ, ಆದ್ರೆ ಪೇಪರಲ್ಲಿ ಬರೋ ರೇಟಲ್ಲಿ ಅದು ಸೇರಿರ್ತದೆ. ಸುತ್ತಿಗೆ ಬಿದ್ದ ರೇಟು ಇದಕ್ಕಿಂತ ಕಮ್ಮಿನೇ. ಅಂದ್ರೆ ಹೋಲ್ಸೋದೇ ತಪ್ಪು, ತೂಕದಲ್ಲಿ ಒಂದ್ಸಲ ಚೀಲ ಕಳೆದು ಇನ್ನೊಂದ್ಸಲ ಚೀಲ ಸೇರ್ಸಿ ನೋಡ್ದಂಗೆ. ಇನ್ನೊಂದು, ಎಸ್ಟಿಮೇಟ್ ಅನ್ನೋದು ಇಷ್ಟಕ್ಕೆ ಹೋಗ್ತದೆ ಅನ್ನೋ ಭವಿಷ್ಯ ಅಲ್ವೇ ಅಲ್ಲ. ಅದೇ ಕಲಾವಿದಂದು ಅದೇ ಕಾಲದ್ದು ಅಷ್ಟೇ ದೊಡ್ಡದು ಹಿಂದೆ ಎಷ್ಟಕ್ಕೆ ಹೋಗಿತ್ತು ಅಂತ ಹಳೇ ಹರಾಜಿನ ಲೆಕ್ಕ ತೆಗೀತಾರೆ. ಹುಸೇನರ ಅದುವರೆಗಿನ ದಾಖಲೆ ಸುಮಾರು 31 ಲಕ್ಷ ಡಾಲರ್, 2024ರಲ್ಲಿ ಬಂದಿದ್ದು. ಈಗ ನೋಡಿ, 25-35 ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ? ಹಳೇ ದಾಖಲೆಯ ಆಚೆ-ಈಚೆ ಒಂದೊಂದು ಗೂಟ ಹೊಡೆದಿದ್ದಾರೆ ಅಷ್ಟೇ.

ಸಾಲದ್ದಕ್ಕೆ ಎಸ್ಟಿಮೇಟನ್ನ ಒಂಚೂರು ಕೆಳಗೇ ಇಡೋದು ಅವ್ರ ಜಾಣತನ, ಯಾಕಂದ್ರೆ ಕಮ್ಮಿ ಕಂಡ್ರೆ ನಾಕು ಜನ ಜಾಸ್ತಿ ಬರ್ತಾರೆ, ಹರಾಜಿಗೆ ಬೇಕಾಗಿದ್ದು ಹಟ ಹಿಡಿಯೋ ಇಬ್ರು, ಆ ಇಬ್ರು ಕೂತ್ರೆ ಎಸ್ಟಿಮೇಟ್ ಗಿಸ್ಟಿಮೇಟ್ ಯಾವ್ದೂ ಇಲ್ಲ. ಒಳಗೊಂದು ಗುಟ್ಟಿನ ರೇಟೂ ಇರ್ತದೆ, ರಿಸರ್ವ್ ಅಂತ, ಅದಕ್ಕಿಂತ ಕೆಳಗೆ ಕೊಡೋದಿಲ್ಲ ಅಂತ ಮಾರೋನ ಜೊತೆ ಆದ ಮಾತು. ಅದು ಕೆಳಗಿನ ಎಸ್ಟಿಮೇಟಿಗಿಂತ ಮೇಲೆ ಇರೋಹಂಗಿಲ್ಲ. ಆ ರಿಸರ್ವ್ ಮುಟ್ಟೋವರೆಗೆ ಹರಾಜು ಕೂಗೋನು ಮಾರೋನ ಪರವಾಗಿ ತಾನೇ ಬಿಡ್ ಕೂಗ್ಬಹುದು, ನಿಯಮದಲ್ಲೇ ಬರೆದಿರ್ತಾರೆ, ಸಣ್ಣಕ್ಷರದಲ್ಲಿ. ನಮ್ ಅಡಿಕೆ ಟೆಂಡರಲ್ಲಿ ಯಾರಾದ್ರೂ ಹಂಗೆ ಮಾಡಿದ್ರೆ ಅಂಗಳದಲ್ಲೇ ಗಲಾಟೆ ಆಗ್ತಿತ್ತು.

ಟೆಂಡರಲ್ಲಿ ಇನ್ನೊಂದು ಸುಖ ಇದೆ. ರಾಶಿ, ಬೆಟ್ಟೆ, ಚಾಲಿ ಅಂತ ಜಾತಿ ಇದೆ, ವ್ಯಾಪಾರಿ ಬಂದು ಅಡಿಕೆ ಕೊಯ್ದು ಒಳಗೆ ನೋಡ್ತಾನೆ, ರೇಟ್ ಬರೀತಾನೆ. ರೇಟ್ ಕಮ್ಮಿ ಬಂದ್ರೆ ನಮ್ಮಪ್ಪಯ್ಯ “ಕೊಡ್ತ್ನಿಲ್ಲೆ” ಅಂತ ಎದ್ದು ಬರ್ತಿದ್ದ, ಮುಂದಿನ ಟೆಂಡರಿಗೆ ಅದೇ ಅಡಿಕೆ ಇಟ್ರೆ ಹೋದ್ಸಲ ಯಾಕೆ ಕೊಡ್ಲಿಲ್ಲ ಅಂತ ಯಾರೂ ಕೇಳ್ತಿರ್ಲಿಲ್ಲ. ಚಿತ್ರನ ಕೊಯ್ದು ನೋಡೋಕಾಗ್ತದಾ? ಅದಕ್ಕೇ ಬರಹ ಬೇಕಾಗೋದು. ಗ್ರಾಮ ಯಾತ್ರಾದಲ್ಲಿ ಒಬ್ಬ ರೈತ ನಿಂತಿದಾನೆ, ಅವನ ಕೈ ತನ್ನ ಚೌಕಟ್ಟು ದಾಟಿ ಪಕ್ಕದ ದೃಶ್ಯದ ನೆಲವನ್ನ ಹಿಡ್ಕೊಂಡಿದೆ. ಆ ರೈತ ಅಂದ್ರೆ ಹುಸೇನರು ತಮ್ಮದೇ ಚಿತ್ರ ಬರ್ಕೊಂಡಹಂಗೆ ಅಂತ ಹರಾಜಿನ ಕ್ಯಾಟಲಾಗಲ್ಲೇ ಬಂತು. ಚೆನ್ನಾದ ಓದು, ನಂಗೂ ಹೌದು ಅನ್ನಿಸ್ತು. ಆದ್ರೆ ಹಂಗೆ ಹೇಳಿದ್ದು ಯಾರು? ಮಾರೋರು. ನಾಳೆ ವಿಮರ್ಶಕರೂ ಅದನ್ನೇ ಬರೀತಾರೆ, ಇನ್ನೊಂದು ಹುಸೇನ್ ಹರಾಜಿಗೆ ಬಂದಾಗ ಆ ವಿಮರ್ಶಕರ ಸಾಲು ಮತ್ತೆ ಕ್ಯಾಟಲಾಗಿಗೆ ಬರ್ತದೆ. ಒಂದು ಕಾಲದಲ್ಲಿ ಮುಂಬೈಯಲ್ಲಿ ರೂಡಿ ವಾನ್ ಲೈಡನ್ ಅನ್ನೋರು ಟೈಮ್ಸ್ ಆಫ್ ಇಂಡಿಯಾಕ್ಕೆ ಚಿತ್ರಗಳ ವಿಮರ್ಶೆ ಬರೀತಿದ್ರು, ಹುಸೇನ್, ಸೋಜಾ, ರಝಾ ಇವರನ್ನೆಲ್ಲ ಯಾರೂ ಮೂಸಿ ನೋಡದ ಹೊತ್ತಲ್ಲಿ ಎತ್ತಿ ಹಿಡಿದವ್ರಲ್ಲಿ ಅವ್ರೂ ಒಬ್ರು. ಈಗ ಪೇಪರಲ್ಲಿ ಆ ಜಾಗನೇ ಇಲ್ಲ, ಬರೆಯೋರಿಗೆ ದುಡ್ಡು ಕೊಡೋದು ಹೆಚ್ಚಾಗಿ ಗ್ಯಾಲರಿಯವ್ರೇ. ದುಡ್ಡು ಕೊಟ್ಟೋರ ಗೋಡೆ ಮೇಲಿರೋ ಚಿತ್ರಕ್ಕೆ ‘ಇದು ಸುಮಾರಾಗಿದೆ’ ಅಂತ ಯಾರು ಬರೀತಾರೆ ಹೇಳಿ.

ಈಗ ಭಾವನ ವಿಷ್ಯ. ಬೆಂಗ್ಳೂರಿನ ಒಂದು ಗ್ಯಾಲರಿ, ಹೆಸ್ರು ಬೇಡ, ಇವನ ಚಿತ್ರ ಇಟ್ಕೊಂತು. ರೇಟ್ ಹೆಂಗೆ ಕಟ್ಟಿದ್ರು ಗೊತ್ತಾ, ಚದರ ಇಂಚಿಗೆ 40 ರೂಪಾಯಿ. ಹೊಸಬ್ರಿಗೆ ಹಂಗೇ ಅಂತೆ. 30 ಇಂಚು 40 ಇಂಚಿನ ಕ್ಯಾನ್ವಾಸು, 1200 ಚದರ ಇಂಚು, 48 ಸಾವ್ರ. ಅರ್ಧ ಗ್ಯಾಲರಿಗೆ, ಉಳಿದ 24 ಸಾವ್ರದಲ್ಲಿ ಫ್ರೇಮು, ಬಸ್ಸಿನ ಮೇಲೆ ಹಾಕಿ ಕಳ್ಸಿದ್ದು ಎಲ್ಲ ಇವಂದೇ. ಅರ್ಧ ತಗೊಳ್ಳೋದು ಅನ್ಯಾಯ ಅಂತ ನಾನು ಹೇಳಲ್ಲ, ಬಾಡಿಗೆ, ಪ್ರಿಂಟು, ಗಿರಾಕಿ ಹುಡುಕೋದು ಎಲ್ಲ ಅವರದ್ದು, ಒಳ್ಳೆ ಗ್ಯಾಲರಿ ರೇಟನ್ನ ನಿಧಾನಕ್ಕೆ ಏರ್ಸ್ತದೆ, ಇಳ್ಸೋದು ಮಾತ್ರ ಬಿಲ್ಕುಲ್ ಇಲ್ಲ, ಇಳ್ಸಿದ್ರೆ ಮೊದ್ಲು ಕೊಂಡೋರು ಬಂದು ಕುತ್ತಿಗೆ ಹಿಡೀತಾರೆ.

ಮೂರು ವರ್ಷ ಆದ್ಮೇಲೆ ಆ 48 ಸಾವ್ರದ ಚಿತ್ರ ಕೊಂಡಿದ್ದ ಪುಣ್ಯಾತ್ಮ ಅದನ್ನ ಆನ್‌ಲೈನ್ ಹರಾಜಿಗೆ ಹಾಕ್ದ. ಎಸ್ಟಿಮೇಟ್ 15ರಿಂದ 20 ಸಾವ್ರ. ಭಾವನ್ನ ಯಾರೂ ಕೇಳ್ಲಿಲ್ಲ, ಕೇಳ್ಬೇಕು ಅಂತ ರೂಲೂ ಇಲ್ಲ. ಒಂದೂ ಬಿಡ್ ಬರ್ಲಿಲ್ಲ. ದೊಡ್ಡ ಹೆಸರಿನ ಕಲಾವಿದ ಆಗಿದ್ರೆ ಗ್ಯಾಲರಿಯವ್ರೇ ಯಾರನ್ನೋ ಕೂರ್ಸಿ ಬಿಡ್ ಕೂಗ್ಸಿ ವಾಪಸ್ ಎತ್ಕೊಂಡು ರೇಟ್ ಉಳ್ಸ್ತಿದ್ರು, ಇವನಿಗೆ ಯಾರು ಮಾಡ್ತಾರೆ. ಅಡಿಕೆ ಆದ್ರೆ ಮುಂದಿನ ವಾರಕ್ಕೆ ಮರ್ತೋಗ್ತದೆ, ಇದು ಹಂಗಲ್ಲ, ಅವನ ಹೆಸ್ರು ಹೊಡೆದ್ರೆ ಮೊದ್ಲು ಬರೋದೇ ಆ ಪೇಜು, ಚಿತ್ರ, ಎಸ್ಟಿಮೇಟು, ಕೆಳಗೆ ‘ಅನ್‌ಸೋಲ್ಡ್’. ಮುಂದಿನ ಶೋದಲ್ಲಿ ಒಬ್ರು ಗಿರಾಕಿ ಮೊಬೈಲ್ ತೆಗೆದು ಅದನ್ನೇ ತೋರ್ಸಿ ‘ಇಲ್ಲಿ 15, ನೀವ್ಯಾಕೆ 55 ಹೇಳ್ತೀರಿ’ ಅಂದ್ರಂತೆ. ಗ್ಯಾಲರಿಯವ್ರು ಆಮೇಲೆ ‘ಈ ವರ್ಷ ಬೇಡ ಸರ್, ನೋಡೋಣ’ ಅಂದ್ರು. ಚಿತ್ರ ಕೆಟ್ಟದಾಗಿತ್ತಾ? ಆ ದಿನ ಯಾರೂ ಹಟ ಹಿಡಿಯೋರು ಇರ್ಲಿಲ್ಲ, ಅಷ್ಟೇ.

ಇಷ್ಟಕ್ಕೂ ಅದು ಮಾರಾಟ ಆಗಿದ್ರೆ ಭಾವನಿಗೆ ಏನು ಸಿಗ್ತಿತ್ತು? ನಮ್ ಕಾಪಿರೈಟ್ ಕಾನೂನಲ್ಲಿ 53ಎ ಅಂತ ಒಂದು ಕಲಮು ಇದೆ, ಮರುಮಾರಾಟ 10 ಸಾವ್ರ ದಾಟಿದ್ರೆ ಬರೆದವನಿಗೂ ಪಾಲು, ಆದ್ರೆ ಶೇಕಡಾ 10ಕ್ಕಿಂತ ಜಾಸ್ತಿ ಇಲ್ಲ. 15 ಸಾವ್ರಕ್ಕೆ ಹೋಗಿದ್ರೆ ಹೆಚ್ಚಂದ್ರೆ 1500. ಅದನ್ನೂ ಕೇಳಿ ತಗೊಂಡ ಕಲಾವಿದನ್ನ ನಾನಂತೂ ಇವತ್ತಿನವರೆಗೆ ನೋಡಿಲ್ಲ.

ಕೊನೆಗೆ ಆ ಕೊಂಡಾತನೇ ಭಾವನಿಗೆ ಫೋನ್ ಮಾಡಿದ್ದ, 12 ಸಾವ್ರಕ್ಕೆ ನೀವೇ ತಗೊಳ್ತೀರಾ ಅಂತ. ಇವನು ಚಾಲಿ ಮಾರಿ ತಗೊಂಡ. ಈಗ ಅವರ ಮನೆ ಜಗುಲಿಯಲ್ಲಿ ಇದೆ, ಹೋದ ವಾರ ಹೋದಾಗ ಕೆಳಗಿಳಿಸಿ ನೋಡ್ದೆ, ಹಿಂದೆ ಲಾಟ್ ನಂಬರಿನ ಸ್ಟಿಕ್ಕರ್ ಹಂಗೇ ಅಂಟ್ಕೊಂಡಿತ್ತು. ಕೀಳೋಕೆ ಹೋದೆ, “ಇರ್ಲಿ ಬಿಡು” ಅಂದ.