ಅತ್ತೆಯ ಮೀಸೆ

ನಮ್ಮ ಸೋದರತ್ತೆಯ ವೋಟರ್ ಐಡಿಯಲ್ಲಿ ಹೆಸರು ಸರಿಯಿದೆ, ವಯಸ್ಸು ಸರಿಯಿದೆ, ಗಂಡನ ಹೆಸರೂ ಸರಿಯಿದೆ. ಮುಖಕ್ಕೆ ಮಾತ್ರ ಮೀಸೆಯಿದೆ. ಯಾರೋ ಪುಣ್ಯಾತ್ಮನ ಫೋಟೊ ಅತ್ತೆಯ ಹೆಸರಿನ ಪಕ್ಕ ಬಂದು ಕೂತಿದೆ.

ಇಂಥದ್ದಕ್ಕೆಲ್ಲ ಈಗ ನಮೂನೆ 8 ಒಂದೇ. 2022ರ ಆಗಸ್ಟ್‌ನಿಂದ ವಿಳಾಸ ಬದಲಾವಣೆ, ತಿದ್ದುಪಡಿ, ಬದಲಿ ಕಾರ್ಡು ಎಲ್ಲವನ್ನೂ ಅದರಲ್ಲೇ ತುರುಕಿದ್ದಾರೆ. ಸರಳವಾಗಲಿ ಎಂದು ಮಾಡಿದ್ದು. ಆದರೆ ಯಾವ ಚೌಕಕ್ಕೆ ಟಿಕ್ ಹಾಕಬೇಕು ಎಂಬುದರಲ್ಲೇ ಇದೆ ತಮಾಷೆ.

"ಕಾರ್ಡು ತಪ್ಪಾಗಿದೆ, ಹೊಸ ಕಾರ್ಡು ಬೇಕು" ಎಂದು ಯೋಚಿಸಿದ ಅತ್ತೆಯ ಮಗ ನೇರವಾಗಿ 'ಬದಲಿ ಕಾರ್ಡು' ಎಂಬಲ್ಲಿ ಟಿಕ್ ಹಾಕಿದ. ತಿದ್ದುಪಡಿ ಇಲ್ಲದೆ ಕೊಡುವ ಕಾರ್ಡು ಅದು, ಹರಿದದ್ದಕ್ಕೆ, ಕಳೆದದ್ದಕ್ಕೆ. ಅರ್ಜಿ ಮಂಜೂರಾಯಿತು, ಕಾರ್ಡು ಅಂಚೆಯಲ್ಲಿ ಬಂತು. ಹೊಳೆಯುವ ಪ್ಲಾಸ್ಟಿಕ್ಕು, ಅದೇ ಮೀಸೆ, ಈ ಸಲ ಇನ್ನೂ ಸ್ಪಷ್ಟವಾಗಿ! ಇಲಾಖೆಯದು ಏನೂ ತಪ್ಪಿಲ್ಲ ನೋಡಿ. ಮತದಾರರ ಪಟ್ಟಿಯಲ್ಲಿ ಇದ್ದದ್ದನ್ನೇ ಮುದ್ರಿಸಿದ್ದಾರೆ. ಮೊದಲು ಪಟ್ಟಿಯ ಮೀಸೆ ಬೋಳಿಸಬೇಕು, ಕಾರ್ಡಿನದು ತಾನೇ ಹೋಗುತ್ತದೆ.

ಸರಿ, 'ತಿದ್ದುಪಡಿ' ಚೌಕದಲ್ಲಿ ಫೋಟೊ ಎಂದು ಆರಿಸಿ, ಬಿಳಿ ಹಿನ್ನೆಲೆಯ ಹೊಸ ಚಿತ್ರ ಸೇರಿಸಿ ಮತ್ತೆ ಕಳಿಸಿದ್ದಾಯಿತು. ಪರಿಶೀಲನೆಗೆ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಬಂದರು. ಪಾಪ, ಶಾಲೆಯ ಮೇಷ್ಟ್ರು. ಪರೀಕ್ಷೆ ಪತ್ರಿಕೆ ತಿದ್ದುವ ನಡುವೆ ಬಂದಿದ್ದರು. ಕಾರ್ಡು ನೋಡಿದರು, ಅತ್ತೆಯನ್ನು ನೋಡಿದರು.

"ಅಮ್ಮಾ, ಈ ಫೋಟೊದಲ್ಲಿರೋರು ಮನೇಲಿ ಇದಾರಾ?"

"ಇಲ್ಲಪ್ಪ, ಅವರನ್ನ ಕಳಿಸೋಕೇ ಅರ್ಜಿ ಹಾಕಿರೋದು."

ಅದು ಮಂಜೂರಾಗುವಷ್ಟರಲ್ಲಿ ಚುನಾವಣೆ ಬಂದುಬಿಟ್ಟರೆ ಎಂಬ ಭಯಕ್ಕೂ ಆಯೋಗ ಮದ್ದು ಇಟ್ಟಿದೆ. ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಕಾರ್ಡಿನ ಫೋಟೊ ಹೊಂದದಿದ್ದರೆ ಆಧಾರ್, ಪಾನ್, ಪಾಸ್‌ಪೋರ್ಟ್‌ನಂಥ ಬೇರೊಂದು ಗುರುತಿನ ದಾಖಲೆ ತೋರಿಸಿ ಮತ ಹಾಕಬಹುದು. ಅಂದರೆ ಗುರುತಿನ ಚೀಟಿಯನ್ನು ಗುರುತಿಸಲು ಇನ್ನೊಂದು ಗುರುತಿನ ಚೀಟಿ. ಸಣ್ಣಪುಟ್ಟ ಅಕ್ಷರದೋಷವನ್ನು ಮತಗಟ್ಟೆಯವರು ಕಡೆಗಣಿಸಬೇಕೆಂದೂ ಸೂಚನೆಯಿದೆ. ಮೀಸೆ ಅಕ್ಷರದೋಷದಲ್ಲಿ ಬರುವುದಿಲ್ಲ, ಬಿಡಿ.

ಇದರ ನಡುವೆ ಅತ್ತೆ ಮಗನ ಜೊತೆ ಬೇರೆ ಕ್ಷೇತ್ರದ ಮನೆಗೆ ಹೋದರು. ಅದಕ್ಕೂ ನಮೂನೆ 8ರಲ್ಲೇ 'ವಾಸಸ್ಥಳ ಬದಲಾವಣೆ' ಎಂಬ ಚೌಕವಿದೆ. ಹಳೆಯ ಕಡೆ ಹೆಸರು ಹೋಗಿ ಹೊಸ ಕಡೆ ಬರುತ್ತದೆ, ವೋಟರ್ ಐಡಿಯ ಎಪಿಕ್ ಸಂಖ್ಯೆ ಅದೇ ಉಳಿಯುತ್ತದೆ. ಆದರೆ ಚೌಕಗಳ ಮೇಲೆ ವೈರಾಗ್ಯ ಬಂದಿದ್ದ ಮಗ "ಹೊಸ ಮನೆ, ಹೊಸ ಅರ್ಜಿ" ಎಂದು ನಮೂನೆ 6 ತುಂಬಲು ಕೂತ. ಅದು ಮೊದಲ ಸಲ ಹೆಸರು ಸೇರಿಸುವವರಿಗೆ. ಬೇರೆಲ್ಲೂ ಹೆಸರಿಲ್ಲ ಎಂದು ಅದರಲ್ಲಿ ಘೋಷಣೆ ಬೇರೆ ಕೊಡಬೇಕು. ಸುಳ್ಳಾದರೆ 1950ರ ಜನಪ್ರಾತಿನಿಧ್ಯ ಕಾಯ್ದೆಯ 31ನೇ ಕಲಂ ಒಂದು ವರ್ಷದವರೆಗೆ ಜೈಲು ತೋರಿಸುತ್ತದೆ.

ಘೋಷಣೆ ಓದಿ ಹೇಳಿದ್ದಕ್ಕೆ ಅತ್ತೆ ಕೇಳಿದ್ದು ಒಂದೇ: "ಜೈಲಿಗೆ ಯಾರನ್ನ ಕರ್ಕೊಂಡು ಹೋಗ್ತಾರೆ, ನನ್ನನ್ನೋ ಆ ಮೀಸೆಯವನನ್ನೋ?"