ಪೇಟ ತೊಟ್ಟು ಹುಡುಕಿದ ನಾಲ್ಕೂವರೆ ಸಾವಿರ

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದವನು ನಿವೃತ್ತಿಯ ಸಂಜೆ ಮೈಸೂರು ಪೇಟ, ಗಂಧದ ಹಾರಗಳ ಸಮೇತ ಮತ್ತೆ ಕ್ಯಾಷ್ ಕೌಂಟರಿನಲ್ಲೇ ಕುಳಿತಿದ್ದೆ. ಲೆಕ್ಕ ತಾಳೆಯಾಗಿರಲಿಲ್ಲ. ಡ್ರಾಯರಿನಲ್ಲಿ 4,500 ರೂಪಾಯಿ ಹೆಚ್ಚಿತ್ತು.

"ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇನ್ರಿ?" ಎಂದಳು ಸಮಾರಂಭಕ್ಕೆಂದು ಬಂದಿದ್ದ ನನ್ನ ಹೆಂಡತಿ. ಕಡಿಮೆ ಬಿದ್ದರೆ ಕೈಯಿಂದ ಕಟ್ಟಿ ಮನೆಗೆ ಹೋಗಬಹುದು. ಹೆಚ್ಚು ಬಿದ್ದರೆ ಬೇರೊಬ್ಬರ ಹಣ ನಮ್ಮಲ್ಲಿ ಕುಳಿತಿದೆ ಎಂದರ್ಥ. ಆ ಬೇರೊಬ್ಬರು ಯಾರೆಂದು ತಿಳಿಯುವವರೆಗೆ ನಿದ್ದೆ ಬರುವುದಿಲ್ಲ. ಅತ್ತ ಮ್ಯಾನೇಜರ್ "ಇವರ ಲೆಕ್ಕ ಒಂದು ದಿನವೂ ತಪ್ಪಿದ್ದಿಲ್ಲ" ಎಂದು ಆಗತಾನೇ ಭಾಷಣ ಮುಗಿಸಿದ್ದರು.

ತಪ್ಪಿದ್ದುಂಟು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ತರಕಾರಿ ವ್ಯಾಪಾರಿಯೊಬ್ಬರಿಗೆ ನೂರರ ಒಂದು ಕಟ್ಟು ಹೆಚ್ಚಾಗಿ ಕೊಟ್ಟು ಕಳಿಸಿದ್ದೆ. ನೂರು ನೋಟು, ಹತ್ತು ಸಾವಿರ. ಆಗಿನ ನನ್ನ ಸಂಬಳದ ಎಷ್ಟೋ ಪಟ್ಟು. ಮರುದಿನ ಬಾಗಿಲು ತೆರೆಯುವ ಮೊದಲೇ ಅವರು ಕೊತ್ತಂಬರಿ ಸೊಪ್ಪಿನ ಚೀಲದಲ್ಲಿ ಅದನ್ನು ಹಿಡಿದು ನಿಂತಿದ್ದರು. ಬೈದರು ಕೂಡ. ನಾನು ಈ ನೌಕರಿಯಲ್ಲಿ ಉಳಿದದ್ದು ಆ ಚೀಲದಿಂದ.

ಆ ವಾರವೇ ನಮ್ಮ ಹೆಡ್ ಕ್ಯಾಷಿಯರ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು: "ವ್ಯತ್ಯಾಸ ಬಂದರೆ ಮೊದಲು ಒಂಬತ್ತರಿಂದ ಭಾಗಿಸಪ್ಪ. ಶೇಷ ಉಳಿಯದಿದ್ದರೆ ಅಂಕಿ ಅದಲುಬದಲಾಗಿರಬಹುದು." ಲೆಡ್ಜರ್ ಪುಸ್ತಕಗಳು ಹೋಗಿ ಕಂಪ್ಯೂಟರ್ ಬಂದರೂ ಆ ಒಂಬತ್ತು ಮಾತ್ರ ಹೋಗಲಿಲ್ಲ. ಕೀಲಿಮಣೆ ಒತ್ತುವುದು ಅದೇ ಬೆರಳಲ್ಲವೇ.

4,500 ಒಂಬತ್ತರಿಂದ ಭಾಗವಾಯಿತು. ಒಂಬೈನೂರರಿಂದ ಭಾಗಿಸಿದರೆ ಐದು. ಹಾಗಾದರೆ ಸಾವಿರದ ಮತ್ತು ನೂರರ ಸ್ಥಾನದ ಅಂಕಿಗಳು ಜಾಗ ಬದಲಿಸಿರಬೇಕು, ಅವೆರಡರ ನಡುವೆ ಐದರ ಅಂತರವಿರಬೇಕು. ಹಣ ಹೆಚ್ಚಿರುವುದರಿಂದ, ಜಮೆಯನ್ನು ಕಡಿಮೆ ಬರೆದಿರುವ ಚಲನ್ ಮೊದಲು ನೋಡಬೇಕು. ಹೊಸದಾಗಿ ಬಂದ ಹುಡುಗಿ ಒಂದೊಂದೇ ಚಲನ್ ಓದುತ್ತಾ ಹೋದಳು, ನಾನು ಪರದೆ ನೋಡುತ್ತಾ ಹೋದೆ. ಪೇಟ ಕಣ್ಣಿನ ಮೇಲೆ ಜಾರುತ್ತಿತ್ತು. ಹಿಂದೆ ಯಾರೋ ಬೋಂಡಾ ಆರುತ್ತಿದೆ ಎಂದು ನೆನಪಿಸಿದರು.

ಮೂವತ್ತೊಂದನೆಯ ಚಲನ್: 7,250. ಪರದೆಯ ಮೇಲೆ 2,750. ಕೆಳಗೆ ನನ್ನದೇ ಸಹಿ. ಬೆಳಿಗ್ಗೆ, ಭಾಷಣದಲ್ಲಿ ಏನು ಹೇಳಲಿ ಎಂದು ಯೋಚಿಸುತ್ತಾ ಬೆರಳಾಡಿಸಿದ್ದ ನಮೂದು ಅದು.

ಆ ಹುಡುಗಿಗೆ ಹಿಂದಿನ ವಾರವಷ್ಟೇ ಇಂಥದೇ ತಪ್ಪಿಗೆ ಅರ್ಧ ಗಂಟೆ ಉಪದೇಶ ಮಾಡಿದ್ದೆ. ಅವಳು ಚಲನ್ ನೋಡಿದಳು, ನನ್ನ ಪೇಟ ನೋಡಿದಳು. "ಸರ್, ತಪ್ಪು ನಮೂದು ರದ್ದು ಮಾಡಿ ಹೊಸದಾಗಿ ಹಾಕಲೇ?" ಎಂದಳು, ಬಹಳ ಗೌರವದಿಂದ. ಬೋಂಡಾ ಪೂರ್ತಿ ಆರಿತ್ತು.